ಕೊಡಗಿನ ಮಳೆಮಾಪಕದ ಅಂಕಿಗಳಿಂದ ಮಳೆ ನಕ್ಷೆ: ಐಡಿಡಬ್ಲ್ಯೂ ಮಾಡುವ ಕ್ರಮ, ತಪ್ಪನ್ನು ಅಳೆಯುವ ಕ್ರಮ

ಮಳೆ ನಕ್ಷೆ ಮಾಡಿ "ಸರಿ ಇದೆಯಾ ನೋಡಿ" ಎಂದು ಕಳಿಸುವವರ ಫೈಲುಗಳಲ್ಲಿ ನನಗೆ ಸಿಗುವುದು ಹೆಚ್ಚುಕಡಿಮೆ ಒಂದೇ ಚಿತ್ರ. ಭಾಗಮಂಡಲದ ಸುತ್ತ ಕಡುನೀಲಿ ಬೊಟ್ಟು, ಕುಶಾಲನಗರದ ಸುತ್ತ ಬಿಳಿ ಬೊಟ್ಟು, ಮಿಕ್ಕ ಕಡೆಯೆಲ್ಲ ಒಂದೇ ಮಂಕು ಬಣ್ಣ. ಕೆಳಗೆ ತಪ್ಪಿನ ಲೆಕ್ಕ ಇರುವುದಿಲ್ಲ. ಇದ್ದರೂ ಒಂದು ಸಂಖ್ಯೆ ಇರುತ್ತದೆ, ಅದು ಯಾವ ಊರಿನ ತಪ್ಪು ಎಂದು ಕೇಳಿದರೆ ಉತ್ತರ ಇರುವುದಿಲ್ಲ.

ಸಾಫ್ಟ್‌ವೇರಿನ ಗುಂಡಿ ಒತ್ತುವುದು ಎಲ್ಲರಿಗೂ ಬರುತ್ತದೆ. ಎಡವುವುದು ಕ್ರಮದಲ್ಲಿ: ಮೊದಲು ನಕ್ಷೆ ಮಾಡಿ, ಆಮೇಲೆ ತಪ್ಪು ಹುಡುಕಲು ಹೊರಡುತ್ತಾರೆ. ಇಲ್ಲಿ ಅದನ್ನು ತಿರುಗಿಸಿದ್ದೇನೆ. ನಕ್ಷೆ ಬರುವುದು ಕೊನೆಯ ಹಂತದಲ್ಲಿ.

## ಕೈಯಲ್ಲಿ ಇರಬೇಕಾದದ್ದು

ಒಂದೇ ದಿನದ, ಕನಿಷ್ಠ ಏಳೆಂಟು ಕೇಂದ್ರಗಳ ಮಳೆ ಅಂಕಿ. ಪ್ರತಿ ಕೇಂದ್ರದ ಅಕ್ಷಾಂಶ, ರೇಖಾಂಶ. ಎಕ್ಸೆಲ್ ಅಥವಾ ಅಂಥದ್ದೇ ಇನ್ನೊಂದು ಸ್ಪ್ರೆಡ್‌ಶೀಟ್, ಕ್ಯೂಜಿಐಎಸ್, ಮತ್ತು ಪೈಥಾನ್. ಪೈಥಾನ್ ಬಾರದವರು ಗಾಬರಿಯಾಗಬೇಡಿ, ಎಂಟು ಕೇಂದ್ರದ ಲೆಕ್ಕವನ್ನು ಎಕ್ಸೆಲ್‌ನಲ್ಲೇ ಮುಗಿಸಬಹುದು. ನಾನು ಮೊದಲು ಮಾಡಿದ್ದು ಹಾಗೇ.

## ಹಂತ 1: ಅಂಕಿಗಳನ್ನು ಶುಚಿ ಮಾಡುವುದು

ಇಡೀ ಕೆಲಸದ ಅರ್ಧ ಹೊತ್ತು ಇಲ್ಲಿಗೇ ಹೋಗುತ್ತದೆ, ಹೋಗಲಿ.

ಕೊಡಗಿನಲ್ಲಿ ಮಳೆ ಅಂಕಿ ಎರಡು ಬಗೆಯಲ್ಲಿ ಸಿಗುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕಗಳು ಮಿಲಿಮೀಟರಿನಲ್ಲಿ ಕೊಡುತ್ತವೆ. ಕಾಫಿ ತೋಟಗಳ ಮಳೆ ಪುಸ್ತಕಗಳಲ್ಲಿ ಇಂಚು, ಸೆಂಟು ಇರುತ್ತದೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿ.ಮೀ. ಲೆಕ್ಕ ಸುಲಭ, ಆದರೆ ಬರೆಯುವ ರೀತಿ ಸುಲಭವಲ್ಲ. ಒಂದು ತೋಟದ ಪುಸ್ತಕದಲ್ಲಿ "2.8" ಎಂದು ಇತ್ತು. ನಾನು 2.80 ಇಂಚು ಎಂದುಕೊಂಡು 71.1 ಮಿ.ಮೀ. ಹಾಕಿದೆ. ನಕ್ಷೆಯಲ್ಲಿ ಅದೊಂದು ತೋಟ ಮಾತ್ರ ಎದ್ದು ಕುಣಿಯುತ್ತಿತ್ತು. ಫೋನ್ ಮಾಡಿದಾಗ ತೋಟದ ರೈಟರ್ ಹೇಳಿದರು: "ಅದು ಎರಡು ಎಂಟು ಸರ್. ಎರಡಿಂಚು ಎಂಟು ಸೆಂಟು." ಅಂದರೆ 2.08 ಇಂಚು, 52.8 ಮಿ.ಮೀ. ಪುಸ್ತಕದಲ್ಲಿ ಚುಕ್ಕಿಯ ನಂತರ ಒಂದೇ ಅಂಕಿ ಇರುವ ನಮೂದುಗಳನ್ನೆಲ್ಲ ಗುರುತು ಹಾಕಿಟ್ಟು, ಬರೆದವರನ್ನೇ ಕೇಳಿ.

ಎರಡನೆಯದು ತಾರೀಕು. ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಇಂದು ಬೆಳಗ್ಗೆ 8.30ಕ್ಕೆ ಅಳೆದ ಮಳೆ ಇಂದಿನ ತಾರೀಕಿನ ಮುಂದೆ ಬರುತ್ತದೆ, ಸುರಿದದ್ದು ಬಹುಪಾಲು ನಿನ್ನೆಯೇ ಆದರೂ. ಕೆಲವು ತೋಟಗಳಲ್ಲಿ "ಮಳೆ ಬಂದದ್ದು ನಿನ್ನೆ ತಾನೆ" ಎಂದು ನಿನ್ನೆಯ ತಾರೀಕಿಗೆ ಬರೆಯುತ್ತಾರೆ. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಿದರೆ ಬೇರೆ ಬೇರೆ ದಿನದ ಮಳೆಯನ್ನು ಒಂದು ದಿನದ್ದೆಂದು ನಕ್ಷೆ ಮಾಡಿದಂತೆ. ಪತ್ತೆ ಮಾಡುವುದು ಹೀಗೆ: ಅನುಮಾನದ ಕೇಂದ್ರದ ಒಂದು ತಿಂಗಳ ಅಂಕಿ ಒಂದು ಕಾಲಮ್ಮಿನಲ್ಲಿ, ಹತ್ತಿರದ ನಂಬಿಕಸ್ತ ಕೇಂದ್ರದ್ದು ಪಕ್ಕದಲ್ಲಿ ಇಟ್ಟು ಎಕ್ಸೆಲ್‌ನ `CORREL` ತೆಗೆಯಿರಿ. ಆಮೇಲೆ ಒಂದು ಕಾಲಮ್ಮನ್ನು ಒಂದು ಸಾಲು ಜಾರಿಸಿ ಮತ್ತೆ ತೆಗೆಯಿರಿ. ಜಾರಿಸಿದಾಗ ಸಂಬಂಧ ಎದ್ದು ಕಾಣುವಷ್ಟು ಏರಿದರೆ ತಾರೀಕು ಒಂದು ದಿನ ಸರಿದಿದೆ ಎಂದೇ ಅರ್ಥ.

ಮೂರನೆಯದು ಸೊನ್ನೆ. ಅಳತೆ ಆಗದ ದಿನ ಖಾಲಿ ಬಿಟ್ಟ ಚೌಕ, ಫೈಲಿನಿಂದ ಫೈಲಿಗೆ ಹೋಗುವಾಗ 0 ಆಗಿಬಿಡುತ್ತದೆ. ಕಕ್ಕಡದ ನಡುಮಳೆಯಲ್ಲಿ ಸುತ್ತಲಿನವರಿಗೆಲ್ಲ 80, 90 ಬಂದಿರುವಾಗ ಮಧ್ಯದಲ್ಲೊಂದು 0 ಇದ್ದರೆ ಅದು ಮಳೆಯಿಲ್ಲದ ಊರಲ್ಲ, ಅಳೆಯದ ಊರು. ಸಿಲ್ವರ್ ಓಕ್ ಎಲೆ ಬಿದ್ದು ಮಾಪಕದ ಬಾಯಿ ಕಟ್ಟಿಕೊಂಡಿರುವುದೂ ಸಾಮಾನ್ಯ. ಸ್ವಯಂಚಾಲಿತ ಮಾಪಕದಲ್ಲಿ ಇದು ಬೇರೆ ರೀತಿ ಕಾಣುತ್ತದೆ: ಜೋರು ಮಳೆಯ ಹೊತ್ತಿನಲ್ಲಿ ಅಂಕಿ ಏರುವುದಿಲ್ಲ, ಮಳೆ ನಿಂತ ಮೇಲೆ ಗಂಟೆಗಟ್ಟಲೆ ಒಂದೇ ಸಮನೆ ಸಣ್ಣ ಸಣ್ಣ ಅಂಕಿ ತೊಟ್ಟಿಕ್ಕುತ್ತದೆ. ಅಂಥ ದಿನವನ್ನು ಆ ಕೇಂದ್ರದ ಮಟ್ಟಿಗೆ ಕೈಬಿಡಿ. ಭಾನುವಾರ ಅಳೆಯದೆ ಸೋಮವಾರ ಎರಡು ದಿನದ್ದನ್ನು ಒಟ್ಟಿಗೆ ಅಳೆಯುವ ತೋಟಗಳೂ ಇವೆ. ಅಲ್ಲಿ ಎರಡೂ ದಿನ ಬಿಡಿ, ಇಲ್ಲವೇ ಎಲ್ಲ ಕೇಂದ್ರಗಳಿಗೂ ಎರಡು ದಿನದ ಮೊತ್ತದ ನಕ್ಷೆ ಮಾಡಿ.

## ಹಂತ 2: ಡಿಗ್ರಿಯಿಂದ ಮೀಟರಿಗೆ

ಅಂಕಿ ಫೈಲನ್ನು ಕ್ಯೂಜಿಐಎಸ್‌ಗೆ ತಂದು, ಪದರವನ್ನು `EPSG:32643`ಗೆ ಬದಲಿಸಿ ಹೊಸ ಫೈಲಾಗಿ ಉಳಿಸಿ. ಇದು ಯುಟಿಎಂ ವಲಯ 43 ಉತ್ತರ, ಕೊಡಗು ಪೂರ್ತಿ ಇದರೊಳಗೇ ಬರುತ್ತದೆ.

ಡಿಗ್ರಿಯಲ್ಲೇ ಲೆಕ್ಕ ಮಾಡಿದರೆ ದೂರವೆಲ್ಲ ಹಾಳಾಗುತ್ತದೆ ಎಂದು ಹೆದರಿಸುವವರಿದ್ದಾರೆ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 108.7 ಕಿ.ಮೀ., ಒಂದು ಡಿಗ್ರಿ ಅಕ್ಷಾಂಶ ಸುಮಾರು 110.6. ವ್ಯತ್ಯಾಸ ಎರಡು ಶೇಕಡಾ ಕೂಡ ಇಲ್ಲ. ನಿಜವಾದ ತೊಂದರೆ ಬೇರೆ ಕಡೆ ಇದೆ. ಮುಂದೆ ನಕ್ಷೆ ತೆಗೆಯುವಾಗ ನಕ್ಷೆಯ ಒಂದೊಂದು ಚೌಕದ ಗಾತ್ರ ಕೇಳುವ ಜಾಗದಲ್ಲಿ ನೀವು ಮೀಟರ್ ಎಂದುಕೊಂಡು 1000 ಹಾಕುತ್ತೀರಿ, ತಂತ್ರಾಂಶ ಅದನ್ನು ಸಾವಿರ ಡಿಗ್ರಿ ಎಂದು ಓದುತ್ತದೆ. ಅದಕ್ಕಾಗಿ ಬದಲಿಸಿ.

## ಹಂತ 3: ಒಂದು ಬಿಂದುವಿನ ಲೆಕ್ಕವನ್ನು ಕೈಯಲ್ಲಿ ಮಾಡುವುದು

ಐಡಿಡಬ್ಲ್ಯೂ ಎಂದರೆ ದೂರ ಹೆಚ್ಚಿದಷ್ಟೂ ತೂಕ ಕಡಿಮೆ ಮಾಡಿ ತೆಗೆದ ಸರಾಸರಿ, ಅಷ್ಟೆ.

```
w = 1 / d^p
Z = Σ(w·z) / Σw
```

ಇಲ್ಲಿ `d` ದೂರ, `z` ಕೇಂದ್ರದ ಮಳೆ, `p` ಘಾತ. ಘಾತ 2 ಎಂದರೆ ಎರಡು ಪಟ್ಟು ದೂರದ ಕೇಂದ್ರಕ್ಕೆ ಕಾಲು ಭಾಗ ತೂಕ.

ಮುಂದಿನ ಲೆಕ್ಕಕ್ಕೆ ಎಂಟು ಊರು ಇಟ್ಟುಕೊಳ್ಳೋಣ. ಮಡಿಕೇರಿಯನ್ನು (0, 0) ಎಂದಿಟ್ಟು ಪೂರ್ವಕ್ಕೆ x, ಉತ್ತರಕ್ಕೆ y, ಕಿಲೋಮೀಟರಿನಲ್ಲಿ. ಊರುಗಳ ಜಾಗ ಹತ್ತಿರ ಹತ್ತಿರ ಸರಿ. ಮಳೆ ಅಂಕಿ ಮಾತ್ರ ಮುಂಗಾರಿನ ಒಂದು ಜೋರು ದಿನದ ಮಾದರಿಯಾಗಿ ನಾನೇ ಇಟ್ಟದ್ದು, ಯಾವ ತಾರೀಕಿನ ದಾಖಲೆಯೂ ಅಲ್ಲ.

| ಊರು | x | y | ಮಳೆ, ಮಿ.ಮೀ. |
|---|---|---|---|
| ಭಾಗಮಂಡಲ | −23 | −4 | 160 |
| ಮಡಿಕೇರಿ | 0 | 0 | 90 |
| ನಾಪೋಕ್ಲು | −5 | −13 | 100 |
| ವಿರಾಜಪೇಟೆ | 7 | −25 | 70 |
| ಸುಂಟಿಕೊಪ್ಪ | 10 | 4 | 45 |
| ಕುಶಾಲನಗರ | 24 | 4 | 15 |
| ಸೋಮವಾರಪೇಟೆ | 12 | 19 | 50 |
| ಗೋಣಿಕೊಪ್ಪ | 21 | −26 | 35 |

ಈಗ ಮಡಿಕೇರಿಯ ಮಾಪಕ ಕೆಟ್ಟಿದೆ ಎಂದುಕೊಳ್ಳಿ. ಉಳಿದ ಏಳರಿಂದ ಅಲ್ಲಿನ ಮಳೆಯನ್ನು ಊಹಿಸಬೇಕು. ಸುಂಟಿಕೊಪ್ಪಕ್ಕೆ ದೂರದ ವರ್ಗ 10² + 4² = 116, ನಾಪೋಕ್ಲಿಗೆ 5² + 13² = 194, ಭಾಗಮಂಡಲಕ್ಕೆ 23² + 4² = 545. ಹೀಗೆ ಏಳಕ್ಕೂ ತೆಗೆದು, ತಲೆಕೆಳಗು ಮಾಡಿ, ಮಳೆಯಿಂದ ಗುಣಿಸಿ ಕೂಡಿ, ತೂಕಗಳ ಮೊತ್ತದಿಂದ ಭಾಗಿಸಿದರೆ 67.2 ಮಿ.ಮೀ. ಬರುತ್ತದೆ. ನಿಜವಾದ ಅಳತೆ 90.

ತೂಕ ಎಲ್ಲಿಗೆ ಹೋಯಿತು ನೋಡಿ. ಸುಂಟಿಕೊಪ್ಪ ಒಂದಕ್ಕೇ 40 ಶೇಕಡಾ, ನಾಪೋಕ್ಲಿಗೆ 24, ಭಾಗಮಂಡಲಕ್ಕೆ ಬರೀ 8.5. ಸುಂಟಿಕೊಪ್ಪ ನೇರ ದೂರದಲ್ಲಿ 11 ಕಿ.ಮೀ. ಒಳಗಿದೆ ನಿಜ. ಆದರೆ ಅರಬ್ಬಿ ಕಡೆಯಿಂದ ಬಂದ ಮೋಡ ಮಡಿಕೇರಿಯ ಗುಡ್ಡಸಾಲಿನಲ್ಲಿ ಸುರಿದು, ಹಗುರಾಗಿ ಇಳಿಯುವ ಬದಿಗೆ ಅದು ಸೇರಿದೆ. ಬಸ್ಸಿನಲ್ಲಿ ಕುಶಾಲನಗರದಿಂದ ಮಡಿಕೇರಿಗೆ ಹತ್ತುವಾಗ ವೈಪರ್ ಎಲ್ಲಿ ಶುರುವಾಗುತ್ತದೆ ಎಂದು ನೋಡಿದವರಿಗೆ ಇದು ಗೊತ್ತು. ಈ ಸೂತ್ರಕ್ಕೆ ಗೊತ್ತಿಲ್ಲ, ಅದು ಕಾಣುವುದು ದೂರವನ್ನು ಮಾತ್ರ.

## ಹಂತ 4: ಒಂದೊಂದನ್ನೇ ಬಿಟ್ಟು ಊಹಿಸುವುದು

ಮಡಿಕೇರಿಗೆ ಮಾಡಿದ್ದನ್ನೇ ಎಂಟೂ ಊರಿಗೆ ಮಾಡಿದರೆ ಅದೇ ಕ್ರಾಸ್ ವ್ಯಾಲಿಡೇಷನ್. ಒಂದು ಕೇಂದ್ರವನ್ನು ಮುಚ್ಚಿಡಿ, ಉಳಿದವುಗಳಿಂದ ಊಹಿಸಿ, ಅಳತೆಯೊಂದಿಗೆ ಹೋಲಿಸಿ, ಅದನ್ನು ವಾಪಸ್ ಇಟ್ಟು ಮುಂದಿನದಕ್ಕೆ ಹೋಗಿ.

ಇಲ್ಲೊಂದು ಸಾಮಾನ್ಯ ತಪ್ಪು ಹೇಳಲೇಬೇಕು. ಕೆಲವರು ತಯಾರಾದ ನಕ್ಷೆಯ ಮೇಲೆ ಕೇಂದ್ರಗಳ ಜಾಗದಲ್ಲೇ ಕ್ಲಿಕ್ ಮಾಡಿ, "ಅಳತೆಗೆ ಸರಿಯಾಗಿ ಹೊಂದುತ್ತಿದೆ, ತಪ್ಪು ಸೊನ್ನೆ" ಎನ್ನುತ್ತಾರೆ. ಐಡಿಡಬ್ಲ್ಯೂ ಕೇಂದ್ರದ ಜಾಗದಲ್ಲಿ ಆ ಕೇಂದ್ರದ ಅಂಕಿಯನ್ನೇ ವಾಪಸ್ ಕೊಡುತ್ತದೆ, ದೂರ ಸೊನ್ನೆಗೆ ಇಳಿದಂತೆ ತೂಕ ಅನಂತಕ್ಕೆ ಏರುವುದರಿಂದ. ಇಟ್ಟದ್ದೇ ಸಿಕ್ಕರೆ ಏನೂ ಪರೀಕ್ಷೆ ಆದಂತಲ್ಲ.

```python
import numpy as np, pandas as pd
d = pd.read_csv("male.csv")     # kendra,x,y,mm
xy = d[["x", "y"]].to_numpy(float)
z = d["mm"].to_numpy(float)

def idw(q, xy, z, p):
    r = np.hypot(*(xy - q).T)
    w = 1 / r**p
    return (w * z).sum() / w.sum()

for p in (1, 2, 3):
    est = np.array([idw(xy[i], np.delete(xy, i, 0),
                    np.delete(z, i), p) for i in range(len(z))])
    e = est - z
    print(p, np.sqrt((e**2).mean()).round(1), e.round(1))
```

ಓಡಿಸಿದಾಗ `nan` ಬಂದರೆ ಎರಡು ಕೇಂದ್ರಕ್ಕೆ ಒಂದೇ ಸ್ಥಳಾಂಕ ಇದೆ, ದೂರ ಸೊನ್ನೆಯಾಗಿದೆ. ಸಾಮಾನ್ಯವಾಗಿ ಒಂದೇ ಕೇಂದ್ರ ಎರಡು ಹೆಸರಲ್ಲಿ ಸೇರಿಕೊಂಡಿರುತ್ತದೆ. ಇದಕ್ಕಿಂತ ಮೋಸದ್ದು, ಅರ್ಧ ಕಿಲೋಮೀಟರಿನಲ್ಲಿ ಎರಡು ತೋಟದ ಮಾಪಕ ಇರುವುದು. ಒಂದನ್ನು ಮುಚ್ಚಿದರೂ ಅವಳಿ ಪಕ್ಕದಲ್ಲೇ ಕೂತು ಉತ್ತರ ಹೇಳಿಕೊಡುತ್ತದೆ, ತಪ್ಪು ಸುಳ್ಳೇ ಚಿಕ್ಕದಾಗಿ ಕಾಣುತ್ತದೆ. ಅಂಥ ಜೋಡಿಯನ್ನು ಸರಾಸರಿ ಮಾಡಿ ಒಂದಾಗಿಸಿ, ಇಲ್ಲವೇ ಪರೀಕ್ಷೆಯಲ್ಲಿ ಎರಡನ್ನೂ ಒಟ್ಟಿಗೆ ಮುಚ್ಚಿ.

ಘಾತ 2ರಲ್ಲಿ ನಮ್ಮ ಎಂಟು ಊರಿನ ಫಲ ಇದು. ತಪ್ಪು ಎಂದರೆ ಊಹೆಯಿಂದ ಅಳತೆಯನ್ನು ಕಳೆದದ್ದು.

| ಊರು | ಅಳತೆ | ಊಹೆ | ತಪ್ಪು |
|---|---|---|---|
| ಭಾಗಮಂಡಲ | 160 | 75.3 | −84.7 |
| ಮಡಿಕೇರಿ | 90 | 67.2 | −22.8 |
| ನಾಪೋಕ್ಲು | 100 | 80.8 | −19.2 |
| ವಿರಾಜಪೇಟೆ | 70 | 65.1 | −4.9 |
| ಸುಂಟಿಕೊಪ್ಪ | 45 | 65.9 | +20.9 |
| ಕುಶಾಲನಗರ | 15 | 60.6 | +45.6 |
| ಸೋಮವಾರಪೇಟೆ | 50 | 55.8 | +5.8 |
| ಗೋಣಿಕೊಪ್ಪ | 35 | 69.6 | +34.6 |

ತಪ್ಪುಗಳ ವರ್ಗದ ಸರಾಸರಿಯ ಮೂಲ, ಅಂದರೆ ಆರ್‌ಎಂಎಸ್‌ಇ, 38.5 ಮಿ.ಮೀ. ಇದು ಹೆಚ್ಚೋ ಕಡಿಮೆಯೋ? ಒಂಟಿಯಾಗಿ ನೋಡಿದರೆ ಹೇಳಲಾಗುವುದಿಲ್ಲ, ಹೋಲಿಸಲು ಒಂದು ದಡ್ಡ ವಿಧಾನ ಬೇಕು. ದೂರವನ್ನೇ ಮರೆತು, ಮುಚ್ಚಿದ ಊರಿಗೆ ಉಳಿದ ಏಳರ ಸಾದಾ ಸರಾಸರಿಯನ್ನೇ ಊಹೆ ಎಂದು ಕೊಟ್ಟರೆ ಆರ್‌ಎಂಎಸ್‌ಇ 48.9 ಬರುತ್ತದೆ. ಅಂದರೆ ಇಷ್ಟೆಲ್ಲ ಮಾಡಿ ಉಳಿಸಿದ್ದು ಸುಮಾರು ಹತ್ತು ಮಿಲಿಮೀಟರು. ಸಾದಾ ಸರಾಸರಿಯನ್ನೂ ಗೆಲ್ಲದ ನಕ್ಷೆ ನಿಮ್ಮ ಕೈಗೆ ಬಂದರೆ ಅಲ್ಲೇ ನಿಂತು ಹಂತ 1ಕ್ಕೆ ವಾಪಸ್ ಹೋಗಿ.

## ಹಂತ 5: ತಪ್ಪಿನ ಚಿಹ್ನೆಯನ್ನು ನಕ್ಷೆಯ ಮೇಲೆ ಓದುವುದು

ಎಲ್ಲರೂ ಹಾರಿ ಹೋಗುವ ಹಂತ ಇದು. ಮೇಲಿನ ಕೋಷ್ಟಕದ ತಪ್ಪುಗಳನ್ನು ಸರಾಸರಿ ಮಾಡಿದರೆ −3.1 ಬರುತ್ತದೆ. "ವಾಲಿಕೆ ಹೆಚ್ಚೇನಿಲ್ಲ" ಎಂದು ಬರೆದು ಮುಗಿಸಿಬಿಡಬಹುದು. ಆದರೆ ಆ ಎಂಟು ತಪ್ಪುಗಳನ್ನು ಕೆಂಪು, ನೀಲಿ ಚುಕ್ಕಿಯಾಗಿ ನಕ್ಷೆಯ ಮೇಲೆ ಇಡಿ. ಭಾಗಮಂಡಲ, ನಾಪೋಕ್ಲು, ಮಡಿಕೇರಿ, ವಿರಾಜಪೇಟೆ ಎಲ್ಲ ಕಡಿಮೆ. ಸುಂಟಿಕೊಪ್ಪ, ಸೋಮವಾರಪೇಟೆ, ಗೋಣಿಕೊಪ್ಪ, ಕುಶಾಲನಗರ ಎಲ್ಲ ಹೆಚ್ಚು. ಪಶ್ಚಿಮಕ್ಕೆ ಒಂದು ಚಿಹ್ನೆ, ಪೂರ್ವಕ್ಕೆ ಇನ್ನೊಂದು. ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಹೆಚ್ಚಳ ಮುಚ್ಚಿಹಾಕಿದ್ದರಿಂದ ಸರಾಸರಿ ಸಣ್ಣದಾಯಿತು.

ಕಾರಣ ಸೂತ್ರದಲ್ಲೇ ಇದೆ. ತೂಕ ಹಾಕಿದ ಸರಾಸರಿ ಎಂದೂ ತನ್ನ ಅತಿ ದೊಡ್ಡ ಅಂಕಿಯನ್ನು ದಾಟದು, ಅತಿ ಚಿಕ್ಕದಕ್ಕಿಂತ ಕೆಳಗೂ ಇಳಿಯದು. ಭಾಗಮಂಡಲವನ್ನು ಮುಚ್ಚಿದರೆ ಉಳಿದ ದೊಡ್ಡ ಅಂಕಿ ನಾಪೋಕ್ಲಿನ 100. ಘಾತವನ್ನು ಏನೇ ಮಾಡಿ, 160ರ ಹತ್ತಿರ ಹೋಗಲು ದಾರಿಯೇ ಇಲ್ಲ.

"ಭಾಗಮಂಡಲದಲ್ಲಿ ಮಾಪಕ ಇದೆಯಲ್ಲ, ನಕ್ಷೆಯಲ್ಲಿ ಅಲ್ಲಿ 160 ಬಂದೇ ಬರುತ್ತದೆ" ಎಂದು ಕೇಳಬಹುದು. ಸರಿ. −84.7 ಭಾಗಮಂಡಲದ ತಪ್ಪಲ್ಲ. ಭಾಗಮಂಡಲದಂತೆಯೇ ಮಳೆ ಸುರಿಯುವ, ಆದರೆ ಮಾಪಕವಿಲ್ಲದ ಜಾಗಗಳಲ್ಲಿ ಆಗಬಹುದಾದ ತಪ್ಪಿನ ಸುಳಿವು. ಅಂಥ ಜಾಗಕ್ಕೆ ಬರವಿಲ್ಲ. ತಡಿಯಂಡಮೋಳ್ ನಮ್ಮ ಲೆಕ್ಕದಲ್ಲಿ ಸುಮಾರು (−14, −22)ರಲ್ಲಿದೆ. ಎಂಟೂ ಕೇಂದ್ರ ಇಟ್ಟುಕೊಂಡು ಘಾತ 2ರಲ್ಲಿ ಲೆಕ್ಕ ಹಾಕಿದರೆ ಅಲ್ಲಿಗೆ 94 ಮಿ.ಮೀ. ಬರುತ್ತದೆ. 1748 ಮೀಟರ್ ಎತ್ತರದ, ಗಾಳಿಗೆ ಎದೆಕೊಟ್ಟು ನಿಂತ ಬೆಟ್ಟಕ್ಕೆ ಕೆಳಗಿನ ನಾಪೋಕ್ಲಿಗಿಂತ ಕಡಿಮೆ ಮಳೆ! ಎಂಟು ಊರುಗಳ ಹೊರಗಿನವನ್ನು ಸೇರಿಸಿ ಸುತ್ತ ದಾರ ಕಟ್ಟಿ ನೋಡಿ. ತಡಿಯಂಡಮೋಳ್ ದಾರದ ಹೊರಗೆ, ಉತ್ತರದ ಪುಷ್ಪಗಿರಿಯೂ ಹೊರಗೆ. ಮಾಪಕಗಳೆಲ್ಲ ಪೇಟೆಯಲ್ಲಿ, ತೋಟದಲ್ಲಿ. ಕ್ರಾಸ್ ವ್ಯಾಲಿಡೇಷನ್ ಕೂಡ ಮಾಪಕ ಇರುವಲ್ಲಿ ಮಾತ್ರ ಪರೀಕ್ಷೆ ಮಾಡಬಲ್ಲದು, ಆ ಬೆಟ್ಟಗಳ ಬಗ್ಗೆ ಅದಕ್ಕೆ ನೇರವಾಗಿ ಹೇಳಲು ಏನೂ ಇಲ್ಲ.

ಅಂಚಿನ ತೊಂದರೆಯನ್ನು ಸ್ವಲ್ಪ ತಗ್ಗಿಸಲು ಜಿಲ್ಲೆಯ ಗಡಿಯ ಆಚೆಯ ಕೇಂದ್ರಗಳನ್ನೂ ಸೇರಿಸಿ. ಪಶ್ಚಿಮಕ್ಕೆ ಸುಳ್ಯದ ಕಡೆಯವು, ಪೂರ್ವಕ್ಕೆ ಪಿರಿಯಾಪಟ್ಟಣ, ಹುಣಸೂರಿನವು. ಲೆಕ್ಕಕ್ಕೆ ಇವು ಬೇಕು, ನಕ್ಷೆಯನ್ನು ಆಮೇಲೆ ಕೊಡಗಿನ ಗಡಿಗೆ ಕತ್ತರಿಸಿ.

## ಹಂತ 6: ಘಾತ ಆರಿಸುವುದು

ಮೇಲಿನ ಕೋಡ್ 1, 2, 3 ಮೂರಕ್ಕೂ ಲೆಕ್ಕ ಕೊಡುತ್ತದೆ. ಆರ್‌ಎಂಎಸ್‌ಇ ಕ್ರಮವಾಗಿ 43.1, 38.5, 35.6. ಇಳಿಯುತ್ತಿದೆ, ಹಾಗಾದರೆ 3 ಒಳ್ಳೆಯದು, 5 ಇನ್ನೂ ಒಳ್ಳೆಯದೇ? ಇಲ್ಲಿ ಅವಸರ ಬೇಡ.

ತಪ್ಪಿನ ವರ್ಗ ಮಾಡುವುದರಿಂದ ಭಾಗಮಂಡಲದ ಒಂದೇ ಅಂಕಿ ಇಡೀ ಮೊತ್ತವನ್ನು ನುಂಗಿಕೊಂಡಿದೆ. ಆ ಊರಿನ ತಪ್ಪನ್ನು ಬದಿಗಿಟ್ಟು ಉಳಿದ ಏಳರ ಆರ್‌ಎಂಎಸ್‌ಇ ತೆಗೆದರೆ ಘಾತ 2ಕ್ಕೆ 25.8, ಘಾತ 3ಕ್ಕೆ 24.4. ಒಂದೂವರೆ ಮಿಲಿಮೀಟರಿನ ಅಂತರ, ಅದೂ ಒಂದೇ ದಿನದ್ದು. ಇದರ ಮೇಲೆ ತೀರ್ಮಾನ ಮಾಡಬಾರದು. ಕನಿಷ್ಠ ಒಂದು ಮಳೆಗಾಲದ ದಿನಗಳನ್ನೆಲ್ಲ ಓಡಿಸಿ, ಹೆಚ್ಚು ದಿನ ಯಾವ ಘಾತ ಗೆಲ್ಲುತ್ತದೆ ನೋಡಿ.

ಘಾತ ಏರಿಸಿದಷ್ಟೂ ಹತ್ತಿರದ ಒಂದು ಕೇಂದ್ರವೇ ಎಲ್ಲ ತೂಕವನ್ನೂ ಎಳೆದುಕೊಳ್ಳುತ್ತದೆ. ನಕ್ಷೆಯಲ್ಲಿ ಬಣ್ಣಗಳ ನಡುವೆ ಗದ್ದೆಯ ಬದುವಿನಂಥ ನೇರ ಗೆರೆಗಳು ಕಾಣತೊಡಗಿದರೆ ಘಾತ ಹೆಚ್ಚಾಗಿದೆ ಎಂದು ತಿಳಿಯಿರಿ. ಘಾತ 1ಕ್ಕೆ ಇಳಿಸಿದರೆ ತದ್ವಿರುದ್ಧ: ಕೇಂದ್ರದ ಪಕ್ಕದಲ್ಲಿ ಚೂಪು ಮುಳ್ಳು, ಮಿಕ್ಕ ಕಡೆ ಎಲ್ಲ ಸರಾಸರಿಯ ಗಂಜಿ. ನಮ್ಮ ಲೆಕ್ಕದಲ್ಲಿ ಘಾತ 1 ಇಟ್ಟಾಗ ಮಡಿಕೇರಿ, ಸುಂಟಿಕೊಪ್ಪ, ಕುಶಾಲನಗರ ಮೂರಕ್ಕೂ ಊಹೆ 68.6 ಬಂತು.

## ಹಂತ 7: ಮಳೆಯ ಬದಲು ಅನುಪಾತವನ್ನು ಹರಡುವುದು

ತಪ್ಪಿನ ಚಿಹ್ನೆ ಪೂರ್ವ, ಪಶ್ಚಿಮ ಎಂದು ಬೇರ್ಪಟ್ಟಿದ್ದರೆ ಘಾತ ತಿದ್ದಿ ಫಲವಿಲ್ಲ. ಆಗ ನಾನು ಮಾಡುವುದು ಇದು: ಪ್ರತಿ ಕೇಂದ್ರದ ದಿನದ ಮಳೆಯನ್ನು ಅದೇ ಕೇಂದ್ರದ ಆ ತಿಂಗಳ ದೀರ್ಘಾವಧಿ ಸರಾಸರಿಯಿಂದ ಭಾಗಿಸಿ, ಬಂದ ಅನುಪಾತಕ್ಕೆ ಐಡಿಡಬ್ಲ್ಯೂ ಮಾಡಿ, ಕೊನೆಗೆ ಸ್ಥಳದ ಸರಾಸರಿಯಿಂದ ವಾಪಸ್ ಗುಣಿಸುವುದು. ಬೆಟ್ಟ ಎಲ್ಲಿದೆ ಎನ್ನುವ ವಿಷಯವನ್ನು ದೀರ್ಘಾವಧಿ ಸರಾಸರಿ ಹೊತ್ತುಕೊಳ್ಳುತ್ತದೆ. ಐಡಿಡಬ್ಲ್ಯೂಗೆ ಉಳಿಯುವುದು "ಇಂದು ವಾಡಿಕೆಯ ಎಷ್ಟು ಪಾಲು ಬಂತು" ಎಂಬ ಪ್ರಶ್ನೆ. ಅದು ಮಳೆಯಷ್ಟು ಥಟ್ಟನೆ ಬದಲಾಗುವುದಿಲ್ಲ.

ಮತ್ತೆ ಮಾದರಿ ಅಂಕಿಗಳನ್ನೇ ಇಡೋಣ. ಜುಲೈ ಸರಾಸರಿ ಭಾಗಮಂಡಲಕ್ಕೆ 1500, ಮಡಿಕೇರಿ, ನಾಪೋಕ್ಲಿಗೆ 1000, ವಿರಾಜಪೇಟೆಗೆ 750, ಸೋಮವಾರಪೇಟೆಗೆ 650, ಸುಂಟಿಕೊಪ್ಪಕ್ಕೆ 550, ಗೋಣಿಕೊಪ್ಪಕ್ಕೆ 400, ಕುಶಾಲನಗರಕ್ಕೆ 250 ಎಂದುಕೊಳ್ಳಿ. ಭಾಗಮಂಡಲವನ್ನು ಮುಚ್ಚಿ ಉಳಿದವುಗಳ ಅನುಪಾತದಿಂದ ಊಹಿಸಿದರೆ ಶೇ. 8.98 ಬರುತ್ತದೆ, 1500ರಿಂದ ಗುಣಿಸಿದರೆ 135 ಮಿ.ಮೀ. ತಪ್ಪು −84.7ರಿಂದ −25ಕ್ಕೆ ಇಳಿಯಿತು. ಕುಶಾಲನಗರಕ್ಕೆ ಊಹೆ 21, ತಪ್ಪು +45.6ರಿಂದ +6ಕ್ಕೆ.

ಖುಷಿಪಡುವ ಮೊದಲು ಒಂದು ಮಾತು. ಭಾಗಮಂಡಲವನ್ನು ಮುಚ್ಚಿದೆವು ಎಂದೆವು, ಆದರೆ ಅದರ 1500ನ್ನು ಮುಚ್ಚಲಿಲ್ಲ. ಮಾಪಕವೇ ಇಲ್ಲದ ಬೆಟ್ಟಕ್ಕೆ ಆ 1500 ಎಲ್ಲಿಂದ ತರುತ್ತೀರಿ? ಪರೀಕ್ಷೆ ಪ್ರಾಮಾಣಿಕ ಆಗಬೇಕಾದರೆ ಮುಚ್ಚಿದ ಊರಿನ ಸರಾಸರಿಯನ್ನೂ, ಅಲ್ಲಿ ಮಾಪಕ ಇರಲೇ ಇಲ್ಲ ಎಂಬಂತೆ, ಸರಾಸರಿ ಮಳೆಯ ನಕ್ಷೆಯಿಂದಲೇ ಓದಿ ತೆಗೆಯಬೇಕು. ಆ ಸರಾಸರಿ ನಕ್ಷೆಯನ್ನು ಇದೇ ಎಂಟು ಕೇಂದ್ರಗಳಿಂದ ಐಡಿಡಬ್ಲ್ಯೂ ಮಾಡಿಕೊಂಡರೆ ಹಳೆಯ ಬೊಟ್ಟುಗಳೇ ಹಿಂಬಾಗಿಲಿನಿಂದ ಬರುತ್ತವೆ. ಎತ್ತರ ಮತ್ತು ಗುಡ್ಡಸಾಲನ್ನು ಲೆಕ್ಕಕ್ಕೆ ತಂದು ಮಾಡಿದ ನಕ್ಷೆ ಇದ್ದರೆ ಮಾತ್ರ ಈ ಹಂತಕ್ಕೆ ಕೈಹಾಕಿ.

ಹೂಮಳೆಗೆ ಈ ಉಪಾಯ ನಡೆಯದು. ಫೆಬ್ರವರಿ, ಮಾರ್ಚಿನ ಗುಡುಗು ಮಳೆ ಗುಡ್ಡಸಾಲನ್ನು ಕೇಳಿ ಬರುವುದಿಲ್ಲ. ಈ ತೋಟಕ್ಕೆ ಒಂದಿಂಚು ಹೊಡೆದು ಮೂರು ಕಿಲೋಮೀಟರ್ ಆಚೆಯ ತೋಟವನ್ನು ಒಣಗಿಸಿ ಬಿಡುತ್ತದೆ. ಆಗ ತಪ್ಪಿನ ಚಿಹ್ನೆಗಳು ಚೆಲ್ಲಾಪಿಲ್ಲಿಯಾಗಿ ಬೀಳುತ್ತವೆ, ಐಡಿಡಬ್ಲ್ಯೂ ಸಾದಾ ಸರಾಸರಿಗೂ ಸೋಲಬಹುದು. ಅಂಥ ದಿನ ನಕ್ಷೆ ಮಾಡದೆ ಚುಕ್ಕಿಗಳನ್ನಷ್ಟೇ ತೋರಿಸುವುದು ಮೇಲು.

## ಹಂತ 8: ಕ್ಯೂಜಿಐಎಸ್‌ನಲ್ಲಿ ನಕ್ಷೆ ತೆಗೆಯುವುದು

ಈಗ ನಕ್ಷೆ. `Processing Toolbox` ತೆರೆದು `Interpolation` ಅಡಿಯಲ್ಲಿ `IDW interpolation` ಆರಿಸಿ. ಪದರ ಮತ್ತು ಮಳೆಯ ಕಾಲಮ್ಮು ಆರಿಸಿದ ಮೇಲೆ ಪಕ್ಕದ ಹಸಿರು ಕೂಡಿಸುವ ಗುಂಡಿ ಒತ್ತಬೇಕು. ಅದನ್ನು ಒತ್ತದೆ `Run` ಕೊಟ್ಟು "ಕೆಲಸ ಮಾಡುತ್ತಿಲ್ಲ" ಎನ್ನುವವರೇ ಹೆಚ್ಚು. `Distance coefficient P` ಜಾಗದಲ್ಲಿ ನೀವು ಪರೀಕ್ಷಿಸಿದ ಘಾತವನ್ನೇ ಹಾಕಿ. ಈ ಉಪಕರಣ ಎಲ್ಲ ಕೇಂದ್ರಗಳನ್ನೂ ಬಳಸುತ್ತದೆ, ಮೇಲಿನ ಕೋಡ್ ಕೂಡ ಹಾಗೇ. ನೀವು ಹತ್ತಿರದ ನಾಲ್ಕೈದು ಕೇಂದ್ರ ಮಾತ್ರ ಬಳಸುವ ಬೇರೆ ಉಪಕರಣಕ್ಕೆ ಹೋದರೆ ಕ್ರಾಸ್ ವ್ಯಾಲಿಡೇಷನ್ನನ್ನೂ ಹಾಗೇ ಮತ್ತೆ ಮಾಡಬೇಕು, ಹಳೆಯ 38.5 ಆ ನಕ್ಷೆಗೆ ಸಲ್ಲದು.

ಚೌಕದ ಗಾತ್ರಕ್ಕೆ 1000 ಮೀಟರ್ ಸಾಕು. ಪೆಟ್ಟಿಗೆಯಲ್ಲಿ ಮೊದಲೇ ತುಂಬಿರುವ 0.1ನ್ನು ಹಾಗೇ ಬಿಟ್ಟರೆ ಅದು ಹತ್ತು ಸೆಂಟಿಮೀಟರಿನ ಚೌಕ, ಕೊಡಗಿನ 4102 ಚದರ ಕಿಲೋಮೀಟರಿಗೆ ನಲವತ್ತೊಂದು ಸಾವಿರ ಕೋಟಿ ಚೌಕ. ಕಂಪ್ಯೂಟರ್ ಹೆಪ್ಪುಗಟ್ಟಿ ಕೂರುತ್ತದೆ. ಕೇಂದ್ರಗಳೇ ಹತ್ತು, ಹದಿನೈದು ಕಿಲೋಮೀಟರ್ ದೂರ ದೂರ ಇರುವಾಗ 30 ಮೀಟರಿನ ಚೌಕ ಮಾಡಿ ನುಣುಪು ತೋರಿಸುವುದರಲ್ಲೂ ಅರ್ಥವಿಲ್ಲ.

ಬಂದ ನಕ್ಷೆಯಲ್ಲಿ ಎರಡು ಕಡೆ ಕಣ್ಣಿಡಿ. ಭಾಗಮಂಡಲದ ಸುತ್ತ ಗುಂಡಗೆ ಉಂಗುರಗಳು ಇರುತ್ತವೆ. ನಿಜವಾದ ದಟ್ಟ ಮಳೆಯ ಪಟ್ಟಿ ಗುಡ್ಡಸಾಲಿನ ಗುಂಟ ಉದ್ದಕ್ಕೆ ಹೋಗುತ್ತದೆ, ಗುಂಡಗೆ ಇರುವುದಿಲ್ಲ. ಉಂಗುರದ ಗಾತ್ರ ಮಾಪಕಗಳ ನಡುವಿನ ದೂರವನ್ನು ತೋರಿಸುತ್ತಿದೆ, ಮಳೆಯನ್ನಲ್ಲ. ಎರಡನೆಯದು, ದಾರ ಕಟ್ಟಿದ ಬಹುಭುಜದ ಹೊರಗಿನ ಜಾಗ. ಅದಕ್ಕೆ ಓರೆಗೆರೆ ಹಾಕಿ.

ನಕ್ಷೆಯ ಕೆಳಗೆ ನಾನು ಬರೆಯುವ ಸಾಲು ಹೀಗಿರುತ್ತದೆ: "8 ಕೇಂದ್ರ, ಘಾತ 2, ಒಂದೊಂದನ್ನೇ ಬಿಟ್ಟು ಪರೀಕ್ಷಿಸಿದಾಗ ಆರ್‌ಎಂಎಸ್‌ಇ 38.5 ಮಿ.ಮೀ., ಸಾದಾ ಸರಾಸರಿಗೆ 48.9. ಪಶ್ಚಿಮದ ಗುಡ್ಡಗಳಲ್ಲಿ ನಕ್ಷೆ ಕಡಿಮೆ ತೋರಿಸುತ್ತದೆ, ಕುಶಾಲನಗರದ ಕಡೆ ಹೆಚ್ಚು ತೋರಿಸುತ್ತದೆ. ಓರೆಗೆರೆಯ ಭಾಗದಲ್ಲಿ ಮಾಪಕವಿಲ್ಲ."